ಐದು ಪಂದ್ಯ ಸತತ ಗೆಲುವು, ಆದ್ರೆ ಎಕ್ಸ್‌ಜಿ ಬೇರೆ ಕಥೆ ಹೇಳ್ತಿದೆ. ಬೆಟ್ ಕಟ್ಟೋ ಮುಂಚೆ ಇದನ್ನ ಹೇಗೆ ಓದ್ಬೇಕು?

ಲೆಸ್ಟರ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ ಬೆಟ್ಟಿಂಗ್‌ಗೆ ಲೈಸೆನ್ಸ್ ಇರೋ ಅಂಗಡಿಗಳು ಬೀದಿಬೀದಿಗೂ ಇವೆ. ವಾರಕ್ಕೊಂದು ಚಿಕ್ಕ ಬೆಟ್ ಕಟ್ಟೋ ಅಭ್ಯಾಸ ನನಗೆ. ಈಗ ಪ್ರೀಮಿಯರ್ ಲೀಗಿನ ಒಂದು ತಂಡದ ಬಗ್ಗೆ ತಲೆ ಕೆಡಿಸ್ಕೊಂಡಿದ್ದೀನಿ. ವೇದಿಕೆಯ ನಿಯಮ ಇರೋದ್ರಿಂದ ಹೆಸರು ಹಾಕ್ತಿಲ್ಲ, ಇದು ಟಿಪ್ ಆಗೋದು ಬೇಡ.

ಆ ತಂಡ ಕಳೆದ ಐದೂ ಪಂದ್ಯ ಗೆದ್ದಿದೆ. ಹೊಡೆದದ್ದು 11 ಗೋಲು, ಬಿಟ್ಟದ್ದು 3. ಎಕ್ಸ್‌ಜಿ, ಅಂದ್ರೆ ಅವಕಾಶಗಳಿಗೆ ತಕ್ಕ ಗೋಲಿನ ಲೆಕ್ಕ, ನೋಡಿದ್ರೆ ಹೊಡೀಬೇಕಿದ್ದದ್ದು 6.2, ಬಿಡಬೇಕಿದ್ದದ್ದು 6.8. ಅಂದ್ರೆ ಆಟದಲ್ಲಿ ಎದುರಾಳಿಗಳಿಗಿಂತ ಒಂಚೂರು ಕೆಳಗೇ ಇದ್ದು ಐದಕ್ಕೈದು ಗೆದ್ದಿದೆ. ಇದು ಅದೃಷ್ಟ ಅಲ್ಲದೆ ಇನ್ನೇನು?

ನನ್ನ ಯೋಚನೆ ಇಷ್ಟೇ: ಗೋಲಿಗೂ ಎಕ್ಸ್‌ಜಿಗೂ ಇಷ್ಟು ಅಂತರ ಕಂಡಾಗ ಆ ತಂಡದ ವಿರುದ್ಧ ಕಟ್ಟೋದು. ಮುಂದಿನ ಪಂದ್ಯ ಅವರ ಮನೆಯಂಗಳದಲ್ಲೇ, ಎದುರಾಳಿ 15ನೇ ಸ್ಥಾನದಲ್ಲಿದೆ. ಆಡ್ಸ್ ಹೀಗಿದೆ: ಇವರ ಗೆಲುವಿಗೆ 2.50, ಡ್ರಾಗೆ 3.30, ಎದುರಾಳಿ ಗೆಲುವಿಗೆ 3.00. ಆ 3.00ಕ್ಕೆ ಕಟ್ಟೋಣ ಅನ್ನಿಸ್ತಿದೆ. ತಿಳಿದವರು ಹೇಳಿ.

ಗಿರಿನಗರ_ಗನ್ನರ್
ಕಟ್ಟಿಬಿಡು ಗುರು. ಐದು ಪಂದ್ಯದಲ್ಲಿ ಸುಮಾರು ಐದು ಗೋಲು ಜಾಸ್ತಿ ಹೊಡೆದಿದ್ದಾರೆ, ಅದನ್ನ ವಾಪಸ್ ಕೊಡಲೇಬೇಕು. ಸರಾಸರಿ ಅನ್ನೋದು ಯಾರನ್ನೂ ಬಿಡಲ್ಲ. ಈಗ ಸೋಲೋ ಸರದಿ ಅವರದು.

ದಾವಣಗೆರೆ_ಬೆಣ್ಣೆ
ಒಂದ್ ಡೌಟು. ಎಕ್ಸ್‌ಜಿ ಅಂದ್ರೆ ಪಂದ್ಯಕ್ಕೆ ಮುಂಚೆ ಎಷ್ಟು ಗೋಲು ಬರುತ್ತೆ ಅಂತ ಹೇಳೋದಲ್ವಾ? ಹಾಗಾದ್ರೆ ಐದೂ ಪಂದ್ಯದಲ್ಲಿ ಭವಿಷ್ಯ ತಪ್ಪಾಗಿದೆ ಅಂತಾಯ್ತು. ತಪ್ಪು ಹೇಳೋದನ್ನ ನಂಬಿ ಯಾಕೆ ದುಡ್ಡು ಹಾಕ್ತೀರಾ?

ಕಂಠೀರವ_ವೆಸ್ಟ್‌ಬ್ಲಾಕ್
ಅಲ್ಲ ಸರ್, ಅದು ಪಂದ್ಯ ಆದ್ಮೇಲೆ ಹಾಕೋ ಲೆಕ್ಕ. ಪ್ರತಿ ಶಾಟ್ ಎಲ್ಲಿಂದ ಬಂತು, ಕಾಲಲ್ಲೋ ತಲೆಯಲ್ಲೋ, ಪಾಸ್ ಎಂಥದ್ದು ಅಂತ ನೋಡಿ, ಅಂಥ ಶಾಟ್‌ಗಳು ಹಿಂದೆ ನೂರಕ್ಕೆ ಎಷ್ಟು ಸಲ ಗೋಲಾಗಿವೆ ಅನ್ನೋದು ಅದರ ಬೆಲೆ. ಪೆನಾಲ್ಟಿಗೆ 0.76 ಅಥವಾ 0.79, ಯಾರ ಮಾಡೆಲ್ ಅನ್ನೋದರ ಮೇಲೆ. ಇಪ್ಪತ್ತೈದು ಗಜದಿಂದ ಹೊಡೆದ್ರೆ 0.03 ಬಂದ್ರೆ ಹೆಚ್ಚು. ಎಲ್ಲ ಕೂಡಿಸಿದ್ರೆ ತಂಡದ ಎಕ್ಸ್‌ಜಿ.

ಅಂಕಿ_ಮೇಷ್ಟ್ರು
ಗಿರಿನಗರದವರ ಮಾತು ಮೊದಲು. “ವಾಪಸ್ ಕೊಡಲೇಬೇಕು” ಅನ್ನೋದು ಸರಿಯಲ್ಲ. ಚೆಂಡಿಗೆ ಹಿಂದಿನ ಲೆಕ್ಕ ಗೊತ್ತಿಲ್ಲ. ಪಂದ್ಯಕ್ಕೆ 1.2ರಷ್ಟು ಅವಕಾಶ ಸೃಷ್ಟಿಸಿ 2.2 ಗೋಲು ಹೊಡೀತಿರೋ ತಂಡ ಮುಂದೆ 1.2ರ ಹತ್ತಿರ ಬರುತ್ತೆ ಅನ್ನಬಹುದು. ಹಿಂದಿನದನ್ನ ಸರಿದೂಗಿಸೋಕೆ 0.2ಕ್ಕೆ ಇಳಿಯುತ್ತೆ ಅನ್ನೋಕೆ ಕಾರಣವೇ ಇಲ್ಲ. ಈಗಾಗ್ಲೇ ಬಂದ 15 ಪಾಯಿಂಟ್ ಅವರ ಜೇಬಲ್ಲೇ ಇರುತ್ತೆ. “ಮುಂದೆ ಸಾಧಾರಣವಾಗಿ ಆಡ್ತಾರೆ” ಅನ್ನೋದೂ “ಮುಂದೆ ಸೋಲ್ತಾರೆ” ಅನ್ನೋದೂ ಒಂದೇ ಅಂದುಕೊಂಡವರೇ ಎಕ್ಸ್‌ಜಿ ಹಿಡ್ಕೊಂಡು ಹೆಚ್ಚು ದುಡ್ಡು ಕಳೆಯೋದು.

ಲೆಸ್ಟರ್‌ನವರೇ, ನಿಮ್ಮ ಲೆಕ್ಕಕ್ಕೆ ಬರೋಣ. ಅದನ್ನ ಒಡೆದು ನೋಡದೆ ಏನೂ ಹೇಳೋಕಾಗಲ್ಲ. ಆ 6.2ರಲ್ಲಿ ಪೆನಾಲ್ಟಿ ಎಷ್ಟು? ಯಾವ ಪಂದ್ಯದಲ್ಲಾದ್ರೂ ರೆಡ್ ಕಾರ್ಡ್ ಬಂದಿತ್ತಾ? ಬಿಟ್ಟ 6.8ರಲ್ಲಿ ಎಷ್ಟು ಭಾಗ ಅವರು ಮುಂದಿದ್ದಾಗ ಬಂದದ್ದು?

ಲೆಸ್ಟರ್_ಕನ್ನಡಿಗ
ಶಾಟ್ ಮ್ಯಾಪ್ ತೆಗೆದು ನೋಡಿದೆ ಮೇಷ್ಟ್ರೇ. ಪೆನಾಲ್ಟಿ ಎರಡು, ಎರಡೂ ಗೋಲು. ಒಂದು ಪಂದ್ಯದಲ್ಲಿ ಎದುರಾಳಿಗೆ ಮೊದಲಾರ್ಧದಲ್ಲೇ ರೆಡ್ ಕಾರ್ಡ್, ಆ ಪಂದ್ಯದ ಎಕ್ಸ್‌ಜಿ 1.6, ಅದರಲ್ಲಿ ಪೆನಾಲ್ಟಿ ಇಲ್ಲ. ಬಿಟ್ಟ 6.8ರಲ್ಲಿ ಅರ್ಧಕ್ಕಿಂತ ಜಾಸ್ತಿ, ಹತ್ತಿರ 3.6, ಇವರು ಎರಡು ಗೋಲು ಮುಂದಿದ್ದಾಗ ಬಂದದ್ದು.

ಅಂಕಿ_ಮೇಷ್ಟ್ರು
ಈಗ ಚಿತ್ರ ಬದಲಾಯ್ತು ನೋಡಿ, ಅದೂ ಎರಡು ದಿಕ್ಕಿಗೆ.

ಎರಡು ಪೆನಾಲ್ಟಿ ಅಂದ್ರೆ 1.5. ಅದನ್ನ ತೆಗೆದ್ರೆ ಆಡ್ತಾ ಆಡ್ತಾ ಸೃಷ್ಟಿಸಿದ್ದು 4.7. ಹತ್ತು ಜನರ ಮೇಲೆ ಬಂದ 1.6 ಪಕ್ಕಕ್ಕಿಟ್ರೆ ಉಳಿದ ನಾಲ್ಕು ಪಂದ್ಯಕ್ಕೆ 3.1, ಅಂದ್ರೆ ಪಂದ್ಯಕ್ಕೆ 0.8ಕ್ಕೂ ಕಡಿಮೆ. ಪ್ರೀಮಿಯರ್ ಲೀಗ್ ಮಟ್ಟಕ್ಕೆ ಇದು ತೀರಾ ಸಪ್ಪೆ. ಪೆನಾಲ್ಟಿಯನ್ನ ಪೂರ್ತಿ ಸೊನ್ನೆ ಮಾಡಿ ಅಂತ ಹೇಳ್ತಿಲ್ಲ. ಲೀಗ್‌ನಲ್ಲಿ ಸೀಸನ್‌ಗೆ ನೂರರ ಆಸುಪಾಸು ಪೆನಾಲ್ಟಿ ಬರುತ್ತೆ, ತಂಡಕ್ಕೆ ಐದರಂತೆ ಹಂಚಿದ್ರೆ ಪಂದ್ಯಕ್ಕೆ 0.1 ಎಕ್ಸ್‌ಜಿ. ಅಷ್ಟು ಸೇರಿಸಿಕೊಳ್ಳಿ, ಸಾಕು.

ಇನ್ನು ಡಿಫೆನ್ಸ್. ಎರಡು ಗೋಲು ಮುಂದಿರೋ ತಂಡ ಹಿಂದೆ ಸರಿದು ನಿಲ್ಲುತ್ತೆ, ಎದುರಾಳಿ ಎಲ್ಲ ಬಿಟ್ಟು ನುಗ್ಗುತ್ತೆ. ಆಗ ಬರೋ ಎಕ್ಸ್‌ಜಿ ಆ ತಂಡದ ನಿಜವಾದ ದೌರ್ಬಲ್ಯ ತೋರಿಸಲ್ಲ. 6.8ರಲ್ಲಿ 3.6 ಆ ಥರದ್ದು ಅಂದ್ರೆ, ಸಮಬಲದಲ್ಲಿದ್ದಾಗ ಇವರು ಬಿಟ್ಟುಕೊಟ್ಟದ್ದು ಕಡಿಮೆಯೇ. ನೀವು ಅಂದುಕೊಂಡಷ್ಟು ಕೆಟ್ಟ ಡಿಫೆನ್ಸ್ ಅಲ್ಲ. ಅಟ್ಯಾಕ್ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಕೆಟ್ಟದು.

ಇನ್ನೊಂದು ಮಾತು. 6.2 ಎಕ್ಸ್‌ಜಿಗೆ 11 ಗೋಲು ಬರೋದು ಅಪರೂಪ ಅನ್ನಿಸುತ್ತೆ. ಬರೀ ಅದೃಷ್ಟದ ಏರಿಳಿತವೇ ಅಷ್ಟು ಎಕ್ಸ್‌ಜಿಗೆ ಹೆಚ್ಚುಕಡಿಮೆ 2.4 ಗೋಲು, ಅಂದ್ರೆ ನಿಮ್ಮ ತಂಡ ಅದರ ಎರಡು ಪಟ್ಟು ದೂರದಲ್ಲಿದೆ. ಆದ್ರೆ ಲೀಗಲ್ಲಿ 20 ತಂಡ, ಪ್ರತಿ ವಾರ ಹೊಸ ಐದು ಪಂದ್ಯದ ಕಿಟಕಿ. ಯಾವಾಗ ನೋಡಿದ್ರೂ ಇಂಥ ತಂಡ ಒಂದಾದ್ರೂ ಇದ್ದೇ ಇರುತ್ತೆ. ನೀವು ಅದನ್ನ ಹುಡುಕಿಕೊಂಡು ಹೋಗಲಿಲ್ಲ, ಗೆದ್ದದ್ದಕ್ಕೇ ಅದು ನಿಮ್ಮ ಕಣ್ಣಿಗೆ ಬಿತ್ತು.

ಕುಡ್ಲದ_ಬ್ಯಾರಿಷ್ಟರ್
ಅಲ್ಲ ಮಾರಾಯ್ರೇ, ಇಷ್ಟೆಲ್ಲ ಕಳೆದು ಕೂಡಿ ಮಾಡಿದ್ರೆ ಕೊನೆಗೆ ಉಳಿಯೋದು ಏನು? ಐದು ಪಂದ್ಯದಲ್ಲಿ ಪೆನಾಲ್ಟಿ ತೆಗೆದಿರಿ, ರೆಡ್ ಕಾರ್ಡ್ ತೆಗೆದಿರಿ, ಮುಂದಿದ್ದಾಗಿನದು ತೆಗೆದಿರಿ. ಇನ್ನು ಕೈಯಲ್ಲಿ ಇರೋದು ಎರಡೂವರೆ ಪಂದ್ಯದ ಆಟ. ಅದರಲ್ಲಿ ತೀರ್ಮಾನ ಮಾಡೋದು ಉಂಟಾ?

ಅಂಕಿ_ಮೇಷ್ಟ್ರು
ಅದೇ ನಾನು ಹೇಳಬೇಕು ಅಂತಿದ್ದದ್ದು. ಐದು ಪಂದ್ಯ ಸಾಲದು. ಎಕ್ಸ್‌ಜಿ ಅಂತರ ಹತ್ತು ಪಂದ್ಯದ ಹೊತ್ತಿಗೆ ಮಾತಾಡೋಕೆ ಶುರುಮಾಡುತ್ತೆ, ಇಪ್ಪತ್ತಕ್ಕೆ ಸ್ವಲ್ಪ ನಂಬಬಹುದು. ಅಲ್ಲೀವರೆಗೆ ಸೀಸನ್ ಶುರುವಿನಲ್ಲಿ ಆ ತಂಡ ಎಷ್ಟು ಬಲವಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರೋ ಅದಕ್ಕೇ ಹೆಚ್ಚು ತೂಕ ಕೊಡಬೇಕು.

ಧಾರವಾಡದ_ಮಂದಿ
ಎಕ್ಸ್‌ಜಿ ಎಕ್ಸ್‌ಜಿ ಅಂತ ಎಲ್ಲಾರೂ ಕುಣೀತೀರಿ. 2017-18ರ ಬರ್ನ್ಲಿ ಮರತ್ರೇನ್ರಿ? ಶಾನ್ ಡೈಚ್ ಕೋಚ್ ಇದ್ದಾಗ. ಇಡೀ ವರ್ಷ “ಇವ್ರದು ಬರೇ ಅದೃಷ್ಟ, ಇವತ್ತು ಬೀಳ್ತಾರ, ನಾಳೆ ಬೀಳ್ತಾರ” ಅಂದ್ರು. ಬೀಳಲಿಲ್ಲ. 54 ಪಾಯಿಂಟ್ ತಗೊಂಡು ಏಳನೇದವ್ರಾಗಿ ಯುರೋಪಾ ಲೀಗಿಗೆ ಹೋದ್ರು. ಹೊಡದದ್ದು 36, ಬಿಟ್ಟದ್ದು 39. ಪ್ರತಿ ವಾರ ಅವ್ರ ವಿರುದ್ಧ ಕಟ್ಟಿದವ್ರ ಗತಿ ಏನಾತು?

ಗಿರಿನಗರ_ಗನ್ನರ್
ಮುಂದಿನ ವರ್ಷ ಏನಾಯ್ತು ಅದನ್ನೂ ಹೇಳಿ ಸರ್. 2018-19ರಲ್ಲಿ 68 ಗೋಲು ಬಿಟ್ಟು 15ನೇ ಸ್ಥಾನ. ಸರಾಸರಿ ಬಿಡಲ್ಲ ಅಂದೆನಲ್ಲ.

ಧಾರವಾಡದ_ಮಂದಿ
ಬಿಡಲಿಲ್ಲ ಖರೆ, ಆದ್ರ 38 ಪಂದ್ಯ ಆದ್ಮ್ಯಾಗ ಹಿಡೀತು. ಅಲ್ಲೀತನಕ ನಿಮ್ಮ ರೊಕ್ಕ ಉಳಿದಿರ್ತಾವೇನ್ರಿ?

ಅಂಕಿ_ಮೇಷ್ಟ್ರು
ಧಾರವಾಡದವರು ಹೇಳಿದ್ದರಲ್ಲಿ ಅರ್ಧ ಪೂರ್ತಿ ಸರಿ. ಬರ್ನ್ಲಿ ವಿಷಯದಲ್ಲಿ ಆಗಿನ ಮಾಡೆಲ್‌ಗಳಿಗೆ ಒಂದು ಕುರುಡು ಇತ್ತು. ಶಾಟ್ ಎಲ್ಲಿಂದ ಬಂತು ಅಂತ ಗೊತ್ತಿತ್ತು, ಶಾಟ್‌ಗೂ ಗೋಲಿಗೂ ಮಧ್ಯೆ ಎಷ್ಟು ಜನ ನಿಂತಿದ್ದರು ಅಂತ ಬಹಳಷ್ಟು ಮಾಡೆಲ್‌ಗಳಿಗೆ ಗೊತ್ತಿರಲಿಲ್ಲ. ಡೈಚ್ ತಂಡ ಬಾಕ್ಸ್ ಒಳಗೆ ಗೋಡೆ ಕಟ್ಟಿಕೊಂಡು ನಿಂತು, ಎದುರಾಳಿಗೆ ಶಾಟ್ ಬಿಟ್ಟುಕೊಟ್ಟು, ಅದನ್ನ ಮೈಯೊಡ್ಡಿ ತಡೀತಿತ್ತು. ಮಾಡೆಲ್ ಅದನ್ನ ಒಳ್ಳೇ ಅವಕಾಶ ಅಂತ ಬರೆದುಕೊಳ್ತಿತ್ತು.

ಉಳಿದರ್ಧ ಸರಿಯಿಲ್ಲ. ಆ ವರ್ಷ ಗೋಲಲ್ಲಿ ನಿಕ್ ಪೋಪ್ ಅದ್ಭುತವಾಗಿ ಆಡಿದ. 2018ರ ಬೇಸಿಗೆಯಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಭುಜ ಪೆಟ್ಟು ಮಾಡಿಕೊಂಡು ಹೊರಗುಳಿದ. ಜೊತೆಗೆ ವಾರದ ಮಧ್ಯೆ ಯುರೋಪಿನ ಪಂದ್ಯಗಳ ಸುಸ್ತು. ಹಾಗಾಗಿ 39 ಗೋಲು 68 ಆದದ್ದರಲ್ಲಿ ಅದೃಷ್ಟ ಎಷ್ಟು, ಪೋಪ್ ಎಷ್ಟು, ಸುಸ್ತು ಎಷ್ಟು ಅಂತ ಬೇರ್ಪಡಿಸಿ ಹೇಳೋರು ಯಾರೂ ಇಲ್ಲ. ನಾನಂತೂ ಹೇಳಲ್ಲ.

ಹುಬ್ಬಳ್ಳಿ_ಹುಡುಗ_07
ಅಣ್ಣಾ ಯಾವ ಆ್ಯಪ್‌ನಾಗ ಕಟ್ಟೂದು? ಲಿಂಕ್ ಕಳಸ್ರಿ. ಒಂದ್ ಟೆಲಿಗ್ರಾಂ ಗ್ರೂಪ್‌ನಾಗ ಎಕ್ಸ್‌ಜಿ ಟಿಪ್ ಕೊಡ್ತಾರ, ತಿಂಗಳಿಗೆ ಫೀ ಐತಿ, ಸೇರ್ಲೇನು?

ನಿರ್ವಾಹಕ
ಲಿಂಕ್ ಕೇಳೋದು, ಕೊಡೋದು ಎರಡೂ ಇಲ್ಲಿ ಇಲ್ಲ. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡೋ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಬ್ಯಾಂಕುಗಳು ಅದಕ್ಕೆ ಹಣ ಸಾಗಿಸೋ ಹಾಗೂ ಇಲ್ಲ. ಈ ಚರ್ಚೆ ನಡೀತಿರೋದು ಬೆಟ್ಟಿಂಗ್ ಕಾನೂನುಬದ್ಧವಾಗಿರೋ ದೇಶದಲ್ಲಿ ಇರೋವರ ಪ್ರಶ್ನೆಯಿಂದ. ಅಂಕಿಅಂಶದ ಚರ್ಚೆ ಮುಂದುವರಿಸಿ.

ಕುಡ್ಲದ_ಬ್ಯಾರಿಷ್ಟರ್
ತಮ್ಮಾ, ಸೇರಬೇಡ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಇಂಥದೇ ಗ್ರೂಪಿಗೆ ಸೇರಿದ್ದ. ಅವರು ಅರ್ಧ ಜನಕ್ಕೆ ಒಂದು ತಂಡ, ಇನ್ನರ್ಧ ಜನಕ್ಕೆ ಎದುರಾಳಿ ತಂಡ ಟಿಪ್ ಕಳಿಸ್ತಿದ್ರು. ಗೆದ್ದ ಅರ್ಧಕ್ಕೆ ಮುಂದಿನ ವಾರ ಮತ್ತೆ ಹಾಗೇ. ನಾಲ್ಕು ವಾರದಲ್ಲಿ ಉಳಿದವರಿಗೆ “ಇವರು ದೇವರು” ಅನ್ನಿಸ್ತದೆ. ಆಗ ಫೀ ಕೇಳೋದು. ಮನೆಯವರು ಚಿನ್ನ ಅಡವಿಟ್ಟು ಸಾಲ ತೀರಿಸಿದ್ರು.

ಅಂಕಿ_ಮೇಷ್ಟ್ರು
ಮುಗಿದುಹೋದ ಸೀಸನ್ ಒಂದನ್ನ ಹಿಡಿದು ಹೇಳ್ತೀನಿ, ಅಲ್ಲಿ ಎಲ್ಲರಿಗೂ ಫಲಿತಾಂಶ ಗೊತ್ತಿರೋದ್ರಿಂದ ಜಗಳ ಕಡಿಮೆ. 2020-21ರ ಬ್ರೈಟನ್, ಗ್ರಹಾಂ ಪಾಟರ್ ಕೋಚ್. ಎಕ್ಸ್‌ಜಿ ನೋಡೋರಿಗೆ ಆ ವರ್ಷ ಅದಕ್ಕಿಂತ ದುರದೃಷ್ಟದ ತಂಡ ಇರಲಿಲ್ಲ.

ಫೆಬ್ರವರಿ 22, 2021. ಮನೆಯಂಗಳದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಬ್ರೈಟನ್ 25 ಶಾಟ್, ಪ್ಯಾಲೇಸ್ 3. ಫಲಿತಾಂಶ 1-2, ಇಂಜುರಿ ಟೈಮಲ್ಲಿ ಬೆಂಟೆಕೆ ಹೊಡೆದ. ಐದು ದಿನಕ್ಕೆ ವೆಸ್ಟ್ ಬ್ರಾಂ ವಿರುದ್ಧ ಎರಡು ಪೆನಾಲ್ಟಿ ಸಿಕ್ತು. ಗ್ರಾಸ್ ಒಂದು, ವೆಲ್ಬೆಕ್ ಒಂದು, ಎರಡೂ ಗೋಲಿನ ಚೌಕಟ್ಟಿಗೆ ಬಡಿದು ಹೊರಗೆ. 0-1 ಸೋಲು. ಎರಡೂ ಪೆನಾಲ್ಟಿ ತಪ್ಪೋ ಸಾಧ್ಯತೆ 0.24 ಗುಣಿಸು 0.24, ಹದಿನೇಳಕ್ಕೆ ಒಂದು ಸಲ.

ಈಗ ಇಲ್ಲಿ ಗಮನಿಸಿ. ಪ್ಯಾಲೇಸ್ ಪಂದ್ಯ ಮತ್ತು ವೆಸ್ಟ್ ಬ್ರಾಂ ಪಂದ್ಯ ಎರಡನ್ನೂ ಎಕ್ಸ್‌ಜಿ ಪಟ್ಟಿ “ದುರದೃಷ್ಟ” ಅಂತಲೇ ತೋರಿಸುತ್ತೆ. ಮೊದಲನೆಯದು ಆಟದ ಮೇಲೆ ಪೂರ್ತಿ ಹಿಡಿತ ಇದ್ದ ಪಂದ್ಯ, ಮುಂದೆಯೂ ಅಂಥ ಆಟ ಬರಬಹುದು ಅನ್ನೋಕೆ ಆಧಾರ ಇದೆ. ಎರಡನೆಯದರಲ್ಲಿ ಬರೀ ಪೆನಾಲ್ಟಿಗಳದ್ದೇ 1.5. ಮುಂದಿನ ಪಂದ್ಯದಲ್ಲಿ ಎರಡು ಪೆನಾಲ್ಟಿ ಸಿಗುತ್ತೆ ಅಂತ ಯಾರು ಹೇಳ್ತಾರೆ? ಮೊತ್ತ ಮಾತ್ರ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತೆ.

ಲೆಸ್ಟರ್_ಕನ್ನಡಿಗ
ಮುಂದಿನ ಪಂದ್ಯ ನಮ್ಮ ಲೆಸ್ಟರ್ ವಿರುದ್ಧವೇ! ಕೊನೆಗಳಿಗೆಯಲ್ಲಿ ಕಾರ್ನರ್‌ನಿಂದ ಅಮಾರ್ಟಿ ಹೆಡರ್, 2-1 ಗೆದ್ವಿ. ಆಗ ನಾವೆಲ್ಲ “ಗಟ್ಟಿ ತಂಡ ಹೀಗೇ ಗೆಲ್ಲೋದು” ಅಂತಿದ್ವಿ.

ಅಂಕಿ_ಮೇಷ್ಟ್ರು
ಹೌದು, ಅದೇ. ಮೂರು ಸೋಲು, ಮೂರೂ ಒಂದು ಗೋಲಿನ ಅಂತರ. ಈಗ ಊಹಿಸಿಕೊಳ್ಳಿ, ಪ್ಯಾಲೇಸ್ ಪಂದ್ಯ ನೋಡಿ “ಇವರ ಅದೃಷ್ಟ ತಿರುಗಲೇಬೇಕು” ಅಂತ ಒಬ್ಬ ಅಲ್ಲಿಂದ ಪ್ರತಿ ಪಂದ್ಯದಲ್ಲೂ ಬ್ರೈಟನ್ ಗೆಲುವಿಗೆ ಕಟ್ಟಿದ. ಸೀಸನ್‌ನಲ್ಲಿ 13 ಪಂದ್ಯ ಬಾಕಿ. ವೆಸ್ಟ್ ಬ್ರಾಂ, ಲೆಸ್ಟರ್ ಎರಡೂ ಸೋಲು. ಆಮೇಲೆ ಸೌತಾಂಪ್ಟನ್ 2-1, ನ್ಯೂಕಾಸಲ್ 3-0 ಗೆಲುವು, “ನೋಡಿದ್ರಾ ತಿರುಗ್ತು” ಅನ್ನೋ ಸಮಯ. ಉಳಿದ ಒಂಬತ್ತರಲ್ಲಿ ಗೆದ್ದದ್ದು ಎರಡೇ, ಹೊಡೆದದ್ದು 8 ಗೋಲು. ಆ ಎರಡರಲ್ಲಿ ಒಂದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ 3-2, ಅಲ್ಲಿ ಹತ್ತನೇ ನಿಮಿಷಕ್ಕೇ ಕಾನ್ಸೆಲೊಗೆ ರೆಡ್ ಕಾರ್ಡ್. ಒಟ್ಟು 13ರಲ್ಲಿ 4 ಗೆಲುವು, 3 ಡ್ರಾ, 6 ಸೋಲು. ಸೀಸನ್ ಮುಗಿದಾಗ 41 ಪಾಯಿಂಟ್, 16ನೇ ಸ್ಥಾನ, 40 ಗೋಲು. ಎಕ್ಸ್‌ಜಿ ಮಾತ್ರ 50 ದಾಟಿತ್ತು.

ಎಕ್ಸ್‌ಜಿ ಸುಳ್ಳಾಯ್ತಾ? ಇಲ್ಲ. ಮುಂದಿನ ವರ್ಷ ಅದೇ ಪಾಟರ್, ಹೆಚ್ಚುಕಡಿಮೆ ಅದೇ ತಂಡ, 51 ಪಾಯಿಂಟ್, 9ನೇ ಸ್ಥಾನ. 2022-23ರಲ್ಲಿ ಆರನೇ ಸ್ಥಾನ. ತಂಡ ನಿಜವಾಗ್ಲೂ ಪಾಯಿಂಟ್ ಪಟ್ಟಿಯಲ್ಲಿ ಕಂಡದ್ದಕ್ಕಿಂತ ಒಳ್ಳೆಯದಿತ್ತು. ಆದ್ರೆ ಅದು ಕಾಣೋಕೆ ತಿಂಗಳುಗಟ್ಟಲೆ ಬೇಕಾಯ್ತು, ಬೆಟ್ ಮುಗಿಯೋದು ತೊಂಬತ್ತು ನಿಮಿಷಕ್ಕೆ.

ಕಂಠೀರವ_ವೆಸ್ಟ್‌ಬ್ಲಾಕ್
ಒಂದು ತಕರಾರು ಮೇಷ್ಟ್ರೇ. 2021-22ರಲ್ಲಿ ಬ್ರೈಟನ್ ಹೊಡೆದದ್ದು 42 ಗೋಲು. ಬರೀ ಎರಡು ಜಾಸ್ತಿ. ಹಾಗಾದ್ರೆ “ಗೋಲು ಬರುತ್ತೆ” ಅನ್ನೋ ಭವಿಷ್ಯ ಎರಡು ವರ್ಷ ನಿಜವಾಗ್ಲೇ ಇಲ್ಲ. ಇದು ದುರದೃಷ್ಟ ಅಲ್ಲ, ಆ ತಂಡದಲ್ಲಿ ಫಿನಿಶರ್ ಇರಲಿಲ್ಲ ಅಷ್ಟೇ. ಅವರ ಸ್ಟ್ರೈಕರ್ ಮೋಪೇ ಆಟ ನೋಡಿದವರಿಗೆ ಎಕ್ಸ್‌ಜಿ ಬೇಕಾಗಿರಲಿಲ್ಲ.

ಎಕ್ಸ್‌ಜಿ ಎಲ್ಲ ಸ್ಟ್ರೈಕರ್‌ನೂ ಸರಾಸರಿ ಸ್ಟ್ರೈಕರ್ ಅಂತ ಅಂದ್ಕೊಳ್ಳುತ್ತೆ. ನಮ್ಮ ಬೆಂಗಳೂರು ಎಫ್‌ಸಿಯಲ್ಲಿ 2024-25ರಲ್ಲಿ ನಲವತ್ತರ ವಯಸ್ಸಲ್ಲಿ ಚೆಟ್ರಿ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದ್ರು. ಅವರ ಕಾಲಿಗೆ ಬಂದ ಚೆಂಡೂ ಬೇರೆಯವರ ಕಾಲಿಗೆ ಬಂದ ಚೆಂಡೂ ಒಂದೇನಾ?

ದಾವಣಗೆರೆ_ಬೆಣ್ಣೆ
ಚೆಟ್ರಿ ವಿಷಯ ಬಂತು ಅಂದ್ರೆ ನಾನೂ ಇದೀನಿ. ಆ ವರ್ಷದ ಫೈನಲ್‌ನಲ್ಲಿ ಮೋಹನ್ ಬಗಾನ್ ಹತ್ರ ಎಕ್ಸ್‌ಟ್ರಾ ಟೈಮಲ್ಲಿ ಸೋತದ್ದು ಇನ್ನೂ ಹೊಟ್ಟೆ ಉರಿಯುತ್ತೆ. ಒಂದು ಗೋಲು ಮುಂದಿದ್ವಿ!

ಅಂಕಿ_ಮೇಷ್ಟ್ರು
ವೆಸ್ಟ್‌ಬ್ಲಾಕ್‌ನವರ ತಕರಾರು ಒಳ್ಳೇದು. ಫಿನಿಶಿಂಗ್ ಕೌಶಲ ಇಲ್ಲ ಅಂತ ನಾನು ಹೇಳಲ್ಲ, ವರ್ಷ ವರ್ಷವೂ ಎಕ್ಸ್‌ಜಿ ಮೀರಿ ಹೊಡೆಯೋರು ಇದ್ದಾರೆ, ಹ್ಯಾರಿ ಕೇನ್, ಸನ್ ಹ್ಯುಂಗ್ ಮಿನ್ ಥರದವರು. ಆದ್ರೆ ಅವರು ಬೆರಳೆಣಿಕೆ. ಒಂದು ಸೀಸನ್‌ನಲ್ಲಿ ಒಬ್ಬ ಎಕ್ಸ್‌ಜಿಗಿಂತ ಕಡಿಮೆ ಹೊಡೆದ ಅಂತ ಅವನನ್ನ ಕೆಟ್ಟ ಫಿನಿಶರ್ ಅನ್ನೋಕೆ ಶಾಟ್‌ಗಳ ಸಂಖ್ಯೆ ಸಾಲಲ್ಲ.

ಗೋಲ್‌ಕೀಪರ್ ವಿಷಯವೂ ಹೀಗೇ. ಅದೇ ಸೀಸನ್ನಿನ ಮಧ್ಯೆ ಬ್ರೈಟನ್ ಮ್ಯಾಟ್ ರಯಾನ್ ಬಿಟ್ಟು ರಾಬರ್ಟ್ ಸಾಂಚೆಝ್ ಆಡಿಸಿತು. ಗೋಲಿಗೆ ಗುರಿಯಿಟ್ಟ ಶಾಟ್ ಎಲ್ಲಿಗೆ ಹೋಗ್ತಿತ್ತು ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳೋ ಎಕ್ಸ್‌ಜಿ ಬೇರೆ ಇದೆ, ಕೀಪರ್‌ನ ಅದರಲ್ಲಿ ಅಳೀಬೇಕು. ಕೀಪರ್ ಬದಲಾದ ಮೇಲೆ ಹಿಂದಿನ “ದುರದೃಷ್ಟ”ದ ಪಟ್ಟಿ ಹಿಡಿದು ಕೂರಬಾರದು, ಅದರ ಒಂದು ಭಾಗ ಬೆಂಚಿಗೆ ಹೋಗಿರುತ್ತೆ.

ಕಂಠೀರವ_ವೆಸ್ಟ್‌ಬ್ಲಾಕ್
ಎರಡು ವರ್ಷವೂ ಶಾಟ್ ಸಾಲಲ್ಲ ಅಂದ್ರೆ ಯಾವಾಗ ಸಾಲುತ್ತೆ? ನಾನು ಒಪ್ಪಲ್ಲ. ಕಣ್ಣಿಗೆ ಕಂಡದ್ದನ್ನೂ ಲೆಕ್ಕಕ್ಕೆ ತಗೋಬೇಕು.

ಲೆಸ್ಟರ್_ಕನ್ನಡಿಗ
ಸರಿ ಮೇಷ್ಟ್ರೇ, ನನ್ನ ಪ್ರಶ್ನೆಗೆ ವಾಪಸ್ ಬರ್ತೀನಿ. ಅಟ್ಯಾಕ್ ನಿಜಕ್ಕೂ ಸಪ್ಪೆ ಅಂತ ನೀವೇ ಹೇಳಿದ್ರಿ. ಹಾಗಾದ್ರೆ 3.00 ಒಳ್ಳೇ ಬೆಲೆ ಅಲ್ವಾ?

ಅಂಕಿ_ಮೇಷ್ಟ್ರು
ಈಗ ಆಡ್ಸನ್ನೇ ಓದಿ. ನೂರನ್ನ ಆಡ್ಸಿನಿಂದ ಭಾಗಿಸಿದ್ರೆ ಸಾಧ್ಯತೆ ಸಿಗುತ್ತೆ: 2.50 ಅಂದ್ರೆ 40 ಶೇಕಡ, 3.30 ಅಂದ್ರೆ 30.3, 3.00 ಅಂದ್ರೆ 33.3. ಕೂಡಿಸಿದ್ರೆ 103.6. ನೂರರ ಮೇಲಿನ ಆ 3.6 ಬುಕ್ಕಿಯ ಪಾಲು. ಮೂರನ್ನೂ 1.036ರಿಂದ ಭಾಗಿಸಿ. ಇವರ ಗೆಲುವು 38.6, ಡ್ರಾ 29.2, ಎದುರಾಳಿ 32.2.

ಈಗ ಎಕ್ಸ್‌ಜಿ ಪೂರ್ತಿ ಮರೆತು ಯೋಚಿಸಿ. ಸತತ ಐದು ಗೆದ್ದ ತಂಡ, ಮನೆಯಂಗಳ, ಎದುರಾಳಿ 15ನೇ ಸ್ಥಾನ. ಪಟ್ಟಿ ಮಾತ್ರ ನೋಡೋನು ಇವರಿಗೆ 50 ಶೇಕಡ ಆದ್ರೂ ಕೊಡ್ತಾನೆ. ಮಾರುಕಟ್ಟೆ ಕೊಟ್ಟಿರೋದು 38.6. ಯಾಕೆ? ನೀವು ನೋಡಿದ ಶಾಟ್ ಮ್ಯಾಪ್ ಅವರೂ ನೋಡಿದ್ದಾರೆ, ನಿಮಗಿಂತ ಮುಂಚೆ, ನಿಮಗಿಂತ ವಿವರವಾಗಿ. ಬ್ರೈಟನ್ ಮಾಲೀಕ ಟೋನಿ ಬ್ಲೂಮ್, ಬ್ರೆಂಟ್‌ಫರ್ಡ್ ಮಾಲೀಕ ಮ್ಯಾಥ್ಯೂ ಬೆನ್ಹಮ್ ಇಬ್ಬರೂ ಫುಟ್ಬಾಲ್ ಬೆಟ್ಟಿಂಗಿನ ಲೆಕ್ಕಾಚಾರದಲ್ಲೇ ದುಡ್ಡು ಮಾಡಿ ಆಮೇಲೆ ಕ್ಲಬ್ ನಡೆಸಿದವರು. ಪ್ರೀಮಿಯರ್ ಲೀಗಿನ ಬೆಲೆ ಅಂಥವರ ದುಡ್ಡಿನಿಂದ ತಯಾರಾಗೋದು.

ಹಾಗಾಗಿ “ಇವರು ಅದೃಷ್ಟದಿಂದ ಗೆದ್ರಾ?” ಅನ್ನೋದಕ್ಕೆ ಉತ್ತರ ಬಹುಶಃ ಹೌದು. ಬೆಟ್ ಕಟ್ಟೋಕೆ ಬೇಕಾದ ಪ್ರಶ್ನೆ ಅದಲ್ಲ. ಎದುರಾಳಿ ಗೆಲ್ಲೋ ಸಾಧ್ಯತೆ 33.3ಕ್ಕಿಂತ ಹೆಚ್ಚು ಅಂತ ನಿಮ್ಮ ಸ್ವಂತ ಲೆಕ್ಕ ಹೇಳುತ್ತಾ? ಐದು ಪಂದ್ಯದ ಮೇಲೆ ನಿಂತ ಲೆಕ್ಕದಲ್ಲಿ ನನಗೆ ಅಷ್ಟು ಖಚಿತತೆ ಬರಲ್ಲ. ನಾನಾಗಿದ್ರೆ ಕಟ್ಟಲ್ಲ.

ಗಿರಿನಗರ_ಗನ್ನರ್
ಮಾರುಕಟ್ಟೆಗೆ ಎಲ್ಲ ಗೊತ್ತು ಅಂದ್ರೆ ಯಾರೂ ಯಾವತ್ತೂ ಗೆಲ್ಲಬಾರದು ಮೇಷ್ಟ್ರೇ. ಬ್ಲೂಮ್ ಗೆದ್ದದ್ದು ಹೇಗೆ? ಜನಸಾಮಾನ್ಯರು ಗೆಲ್ಲೋ ತಂಡದ ಹಿಂದೆ ಓಡ್ತಾರೆ, ಬುಕ್ಕಿ ಅವರ ದುಡ್ಡಿಗೆ ತಕ್ಕ ಹಾಗೆ ಬೆಲೆ ತಿರುಗಿಸ್ತಾನೆ. ಅಲ್ಲೇ ಇರೋದು ಲಾಭ.

ಅಂಕಿ_ಮೇಷ್ಟ್ರು
ಚಿಕ್ಕ ಲೀಗುಗಳಲ್ಲಿ, ಪಂದ್ಯಕ್ಕೆ ನಾಲ್ಕೈದು ದಿನ ಮುಂಚೆ ಬಂದ ಬೆಲೆಯಲ್ಲಿ ನಿಮ್ಮ ಮಾತು ನಡೆಯಬಹುದು. ಪ್ರೀಮಿಯರ್ ಲೀಗಿನ ಕಿಕ್‌ಆಫ್ ಹೊತ್ತಿನ ಬೆಲೆಯಲ್ಲಿ ಕಷ್ಟ. ಬ್ಲೂಮ್ ಹತ್ರ ಅವರದೇ ಕಂಪನಿ, ಅವರದೇ ಡೇಟಾ ಇತ್ತು. ನಮ್ಮ ಹತ್ರ ಇರೋದು ಎಲ್ಲರಿಗೂ ಪುಕ್ಕಟೆ ಸಿಗೋ ಅಂಡರ್‌ಸ್ಟಾಟ್ ವೆಬ್‌ಸೈಟಿನ ಅಂಕಿ.

ಧಾರವಾಡದ_ಮಂದಿ
ಇದು ಒಪ್ಪೂ ಮಾತು. ಎಲ್ಲಾರ ಕೈಯಾಗ ಇದ್ದ ಅಂಕಿಗೆ ಕಿಮ್ಮತ್ತು ಇರೂದಿಲ್ಲ.

ಲೆಸ್ಟರ್_ಕನ್ನಡಿಗ
ಪಂದ್ಯ ಮುಗೀತು, ಏನಾಯ್ತು ಅಂತ ಬರೀತಿದ್ದೀನಿ. ನಾನು ಕಟ್ಟಲಿಲ್ಲ. ಆ ತಂಡ 1-0 ಗೆದ್ದಿತು, ಅದೂ ಎದುರಾಳಿಯ ಓನ್ ಗೋಲ್‌ನಿಂದ. ಎಕ್ಸ್‌ಜಿ ನೋಡಿದ್ರೆ ಇವರು 0.7, ಎದುರಾಳಿ 1.4. ಇನ್ನೊಂದು ವಿಷಯ: ಎದುರಾಳಿಯ 3.00 ಕಿಕ್‌ಆಫ್ ಹೊತ್ತಿಗೆ 2.80ಕ್ಕೆ ಇಳಿದಿತ್ತು, ಇವರ 2.50 ಏರಿ 2.65 ಆಗಿತ್ತು.

ಕುಡ್ಲದ_ಬ್ಯಾರಿಷ್ಟರ್
ಕಟ್ಟದೆ ಒಳ್ಳೇದಾಯ್ತು ಮಾರಾಯ್ರೇ. ದುಡ್ಡು ಉಳೀತು.

ಗಿರಿನಗರ_ಗನ್ನರ್
ಏನ್ ಉಳಿಯೋದು? ಬೆಲೆ 3.00ರಿಂದ 2.80 ಆಯ್ತು ಅಂದ್ರೆ ದೊಡ್ಡ ದುಡ್ಡು ಲೆಸ್ಟರ್‌ನವರು ಹೇಳಿದ ಕಡೆಗೇ ಬಂತು. ಆಟವೂ ಆ ಕಡೆಗೇ ಇತ್ತು. ಅವರ ಲೆಕ್ಕ ಸರಿಯಿತ್ತು, ಮೇಷ್ಟ್ರು ತಡೆದ್ರು.

ಅಂಕಿ_ಮೇಷ್ಟ್ರು
ಓನ್ ಗೋಲ್ ಎಕ್ಸ್‌ಜಿಯಲ್ಲಿ ಬರಲ್ಲ, ಹಾಗಾಗಿ 0.7ಕ್ಕೆ 1-0 ಅನ್ನೋದರಲ್ಲಿ ಆಶ್ಚರ್ಯ ಇಲ್ಲ. ಫಲಿತಾಂಶದಿಂದ ಯಾರ ಲೆಕ್ಕವೂ ಸರಿ ಅಥವಾ ತಪ್ಪು ಆಗಲ್ಲ. ಗಿರಿನಗರದವರು ಹಿಡಿದ ಎಳೆ ಮಾತ್ರ ಸರಿಯಾದದ್ದು: ಕಿಕ್‌ಆಫ್ ಬೆಲೆ. 3.00ಕ್ಕೆ ಕಟ್ಟಿದ್ದು 2.80ಕ್ಕೆ ಮುಗಿದ್ರೆ, ಸೋತ ಬೆಟ್ ಆದ್ರೂ ಒಳ್ಳೇ ಬೆಲೆಗೆ ಕಟ್ಟಿದ ಬೆಟ್. ಆದ್ರೆ ಒಂದು ಪಂದ್ಯದ ಬೆಲೆ ಗಾಯದ ಸುದ್ದಿಗೂ, ತಂಡದ ಪಟ್ಟಿ ಹೊರಬಿದ್ದಾಗಲೂ ಅಲ್ಲಾಡುತ್ತೆ. ಆ ದಿನ ಯಾರಾದ್ರೂ ಮುಖ್ಯ ಆಟಗಾರ ಹೊರಗಿದ್ರಾ?

ಲೆಸ್ಟರ್_ಕನ್ನಡಿಗ
ಹೌದು, ಇವರ ಮಿಡ್‌ಫೀಲ್ಡರ್ ಒಬ್ಬ ವಾರ್ಮಪ್‌ನಲ್ಲಿ ಕಾಲು ಹಿಡ್ಕೊಂಡು ಹೊರಗುಳಿದ. ಬೆಲೆ ಅದಕ್ಕೆ ಮುಂಚೆಯೇ ಇಳಿಯೋಕೆ ಶುರುವಾಗಿತ್ತೋ, ಆಮೇಲೋ ನಾನು ನೋಡಿಲ್ಲ.

ಅಂಕಿ_ಮೇಷ್ಟ್ರು
ಹಾಗಾದ್ರೆ ಈ ಪಂದ್ಯದಿಂದ ಏನೂ ತೀರ್ಮಾನ ಆಗಲ್ಲ. ದುಡ್ಡು ಕಟ್ಟದೆ ಬರೀ ಕಾಗದದ ಮೇಲೆ ಇಡೀ ಸೀಸನ್ ಮಾಡಿ. ನಿಮಗೆ “ಅದೃಷ್ಟ” ಅನ್ನಿಸಿದ ಪ್ರತಿ ತಂಡದ ಪಕ್ಕ ನೀವು ನೋಡಿದ ಬೆಲೆ, ತಂಡ ಪಟ್ಟಿ ಬರೋ ಮುಂಚಿನ ಬೆಲೆ, ಕಿಕ್‌ಆಫ್ ಬೆಲೆ ಮೂರೂ ಬರೆದಿಡಿ. ಗೆದ್ದದ್ದು ಸೋತದ್ದು ಬೇರೆ ಕಾಲಮ್ಮಿನಲ್ಲಿರಲಿ.

ಗಿರಿನಗರ_ಗನ್ನರ್
ನಾನು ಬರೆದಿಡ್ತೀನಿ. ನನ್ನ ಪಟ್ಟಿಯಲ್ಲಿ ಬೆಲೆ ನನ್ನ ಕಡೆಗೇ ಬರುತ್ತೆ ನೋಡ್ತಿರಿ.

ಕಂಠೀರವ_ವೆಸ್ಟ್‌ಬ್ಲಾಕ್
ಬರೆಯೋವಾಗ ಫಿನಿಶರ್ ಯಾರು ಅನ್ನೋದಕ್ಕೂ ಒಂದು ಕಾಲಮ್ ಇಡು ಮಗಾ. ಆ ಜಗಳ ಇನ್ನೂ ಮುಗಿದಿಲ್ಲ.